tan⁻¹ x ಎಂದೂ 90 ಡಿಗ್ರಿ ಮುಟ್ಟುವುದಿಲ್ಲ, ಮತ್ತೆ ಮಿತಿ 90 ಹೇಗಾಯಿತು?

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ tan 90° ಒತ್ತಿದರೆ ಎರರ್ ಬರುತ್ತದೆ. ಆದರೆ x ಅನಂತಕ್ಕೆ ಹೋದಾಗ tan⁻¹ x ನ ಮಿತಿ π/2 ಎಂದು ಪುಸ್ತಕದಲ್ಲಿದೆ. ಇಲ್ಲದ ಬೆಲೆ ಉತ್ತರ ಆಗುವುದು ಹೇಗೆ? sin⁻¹, cot⁻¹ಗಳಿಗೂ ಹೀಗೇನಾ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಕಾರವಾರ

ಉತ್ತರ: ಬೈತಖೋಲ್ ಬಂದರಿನಿಂದ ಹೊರಟ ಒಂದು ಮೀನುಗಾರಿಕೆ ದೋಣಿಯನ್ನು ನೀವು 50 ಮೀಟರ್ ಎತ್ತರದಿಂದ ನೋಡುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಕಾಲಿನ ನೇರ ಕೆಳಗೇ ನೀರು. ದೋಣಿ ಅಲ್ಲೇ ಇದ್ದರೆ ದೃಷ್ಟಿ ನೆಟ್ಟಗೆ ಕೆಳಕ್ಕೆ, ಕೋನ 0. ದೋಣಿ d ಮೀಟರ್ ದೂರ ಹೋದಾಗ ದೃಷ್ಟಿ ಮೇಲೆದ್ದ ಕೋನ tan⁻¹(d/50).

ದೋಣಿ 50 ಮೀಟರ್ ದೂರದಲ್ಲಿದ್ದರೆ ಕೋನ 45°. 500 ಮೀಟರ್‌ಗೆ ಸುಮಾರು 84.29°. 5 ಕಿಲೋಮೀಟರ್‌ಗೆ 89.43°. ಮೊದಲ 50 ಮೀಟರ್‌ನಲ್ಲಿ 45 ಡಿಗ್ರಿ ಏರಿದ ಕೋನ, 500 ಮೀಟರ್ ದಾಟಿದ ಮೇಲಿನ ನಾಲ್ಕೂವರೆ ಕಿಲೋಮೀಟರ್‌ನಲ್ಲಿ ಏರಿದ್ದು ಸುಮಾರು ಐದು ಡಿಗ್ರಿ ಮಾತ್ರ. 90 ಆಗಬೇಕಾದರೆ ದೃಷ್ಟಿ ಸಮುದ್ರಕ್ಕೆ ಸಮಾಂತರವಾಗಬೇಕು. ಆಗ ಅದು ದೋಣಿಯನ್ನು ಮುಟ್ಟುವುದೇ ಇಲ್ಲ. tan 90° ಗೆ ಎರರ್ ಬರುವುದು ಇದಕ್ಕೇ. (ಸಮುದ್ರ ಚಪ್ಪಟೆ ಎಂದು ಇಲ್ಲಿ ಹಿಡಿದಿದ್ದೇವೆ. ನಿಜವಾಗಿ ಇಷ್ಟು ಎತ್ತರದಿಂದ ಸುಮಾರು 25 ಕಿಲೋಮೀಟರ್ ಆಚೆಯ ನೀರು ಭೂಮಿಯ ಬಾಗಿಗೆ ಮರೆಯಾಗುತ್ತದೆ.)

ಮಿತಿ ಕೇಳುವುದು "ಮುಟ್ಟಿತಾ?" ಎಂದಲ್ಲ. "ನೀವು ಹೇಳಿದಷ್ಟು ಹತ್ತಿರ ಬಂದು, ಅಲ್ಲೇ ಉಳಿಯುತ್ತದಾ?" ಎಂದು. 89.9° ಬೇಕೆಂದರೆ d ಅನ್ನು 30 ಕಿಲೋಮೀಟರ್ ಮಾಡಿ, ದಾಟುತ್ತದೆ, ಮತ್ತೆ ಕೆಳಗಿಳಿಯುವುದಿಲ್ಲ. ಅಷ್ಟು ಸಾಕು. ದೋಣಿ ಎದುರು ದಿಕ್ಕಿಗೆ ಹೋದರೆ d ಋಣ, ಕೋನ −90° ಕಡೆಗೆ. ಗ್ರಾಫ್ ಹೀಗೆ ಹತ್ತಿರವಾಗುತ್ತಲೇ ಹೋಗುವ ಗೆರೆಗೆ ಅಸಿಂಪ್ಟೋಟ್ ಎನ್ನುತ್ತಾರೆ. ಹಾಗಾಗಿ ಈ ಗ್ರಾಫ್‌ಗೆ ಎರಡು ಬೇರೆ ಬೇರೆ ಅಡ್ಡ ಅಸಿಂಪ್ಟೋಟ್: ಬಲಕ್ಕೆ y = π/2, ಎಡಕ್ಕೆ y = −π/2. ಒಂದನ್ನು ಬರೆದು ಇನ್ನೊಂದನ್ನು ಬಿಡುವುದು ತುಂಬಾ ಜನ ಮಾಡುವ ತಪ್ಪು.

π/2 ಗೆ ಎಷ್ಟು ಕಡಿಮೆ ಬಿತ್ತು ಎಂಬುದನ್ನೂ ಲೆಕ್ಕ ಹಾಕಬಹುದು. ನನಗೆ ಈ ವಿಷಯದಲ್ಲಿ ಅತಿ ಉಪಯುಕ್ತ ಅನಿಸುವ ಸಮೀಕರಣ ಇದೇ. x > 0 ಇದ್ದಾಗ

tan⁻¹ x = π/2 − tan⁻¹(1/x)

ಇವೆರಡೂ ಒಂದೇ ಲಂಬಕೋನ ತ್ರಿಕೋನದ ಎರಡು ಚೂಪು ಕೋನಗಳು, ಅಷ್ಟೇ. x ದೊಡ್ಡದಾದಾಗ 1/x ಚಿಕ್ಕದು, ಚಿಕ್ಕ ಸಂಖ್ಯೆಗೆ tan⁻¹ ಹೆಚ್ಚುಕಡಿಮೆ ಅದೇ ಸಂಖ್ಯೆ. ಅಂದರೆ ಕೊರತೆ ಸುಮಾರು 1/x ರೇಡಿಯನ್. x = 100 ಆದರೆ 0.01. x = 10¹² ಆದರೆ ಎಷ್ಟು ಚಿಕ್ಕದೆಂದರೆ ಹತ್ತಂಕಿಯ ಕ್ಯಾಲ್ಕುಲೇಟರ್ ಸುಮ್ನೆ 90 ಎಂದೇ ತೋರಿಸುತ್ತದೆ. ಅದು ಯಂತ್ರದ ದುಂಡಗೆ ಮಾಡುವಿಕೆ, ಕೋನ ಮುಟ್ಟಿದ್ದಲ್ಲ.

ಈಗ y = x·tan⁻¹ x ನೋಡಿ. "tan⁻¹ x ಬದಲು π/2 ಹಾಕು, ಅಸಿಂಪ್ಟೋಟ್ y = πx/2" ಎಂದು ಬರೆಯುವವರು ಬಹಳ. ಆದರೆ ಮೇಲಿನ ಸಮೀಕರಣ ಹಾಕಿದರೆ y = πx/2 − x·tan⁻¹(1/x). ಕೊನೆಯ ಪದ 0 ಆಗುವುದಿಲ್ಲ, 1 ಆಗುತ್ತದೆ. x = 100 ಇಟ್ಟರೆ ಅದು 0.99997. ಹಾಗಾಗಿ ಬಲಗಡೆಯ ನಿಜವಾದ ಅಸಿಂಪ್ಟೋಟ್ y = πx/2 − 1, ಅದೂ ಓರೆಯಾದದ್ದು. ಕೊರತೆ ಚಿಕ್ಕದು, ಆದರೆ ಅದನ್ನು ಗುಣಿಸುವ x ದೊಡ್ಡದಲ್ವಾ? ಪರೀಕ್ಷಿಸುವಾಗ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲೇ ಇರಲಿ. ಡಿಗ್ರಿಯಲ್ಲಿದ್ದರೆ 1 ರ ಜಾಗದಲ್ಲಿ 57.3 ಹತ್ತಿರದ ಸಂಖ್ಯೆ ಬರುತ್ತದೆ.

ಉಳಿದವು ಬೇಗ ಮುಗಿಯುತ್ತವೆ. sin⁻¹ x, cos⁻¹ x ಗಳಿಗೆ x, −1 ರಿಂದ 1 ರೊಳಗೇ ಇರಬೇಕು. ಅನಂತಕ್ಕೆ ಹೋಗುವ ದಾರಿಯೇ ಇಲ್ಲ, ಅಸಿಂಪ್ಟೋಟ್ ಪ್ರಶ್ನೆ ಏಳುವುದಿಲ್ಲ. sec⁻¹ x ಎಂದರೆ cos⁻¹(1/x), ಎರಡೂ ಬದಿಗೆ 1/x ಸೊನ್ನೆಗೆ ಹೋಗುತ್ತದೆ, ಹಾಗಾಗಿ ಎರಡೂ ಕಡೆ y = π/2 ಒಂದೇ ಗೆರೆ. ಇದೇ ರೀತಿ cosec⁻¹ x ಗೆ y = 0.

cot⁻¹ x ಒಂದರಲ್ಲಿ ಎಚ್ಚರ ಬೇಕು. ನಿಮ್ಮ ಪಠ್ಯಪುಸ್ತಕದಲ್ಲಿ ಅದರ ಬೆಲೆ 0 ಮತ್ತು π ನಡುವೆ, ಹಾಗಾಗಿ ಬಲಕ್ಕೆ y = 0, ಎಡಕ್ಕೆ y = π. ಕೆಲವು ತಂತ್ರಾಂಶಗಳು ಅದನ್ನೇ tan⁻¹(1/x) ಎಂದು ಹಿಡಿಯುತ್ತವೆ. ಅಲ್ಲಿ ಎರಡೂ ಕಡೆ y = 0, ಮತ್ತು x = 0 ರಲ್ಲಿ ಗ್ರಾಫ್ ತುಂಡಾಗುತ್ತದೆ. ನಿಮ್ಮದು ಯಾವುದೆಂದು ತಿಳಿಯಲು x = −100 ಹಾಕಿ: 3.13 ಬಂದರೆ ಪಠ್ಯಪುಸ್ತಕದ್ದು, −0.01 ಬಂದರೆ ಇನ್ನೊಂದು. ಪರೀಕ್ಷೆಯಲ್ಲಿ ಮೊದಲನೆಯದನ್ನೇ ಬರೆಯಿರಿ.