ಪ್ಯಾಕೆಟ್ ಮೇಲಿನ ತಾರೀಖು ಅಕ್ಕಿಯ ವಯಸ್ಸಲ್ಲ

ಅಕ್ಕಿ ಪ್ಯಾಕೆಟ್ ಎತ್ತಿಕೊಂಡವರು ಮೊದಲು ತಾರೀಖು ಹುಡುಕುತ್ತಾರೆ. ‘ಹೋದ ತಿಂಗಳದ್ದು, ಫ್ರೆಶ್ ಇದೆ’ ಎಂದು ಒಯ್ಯುತ್ತಾರೆ. ಮನೆಗೆ ಹೋಗಿ ಬೇಯಿಸಿದರೆ ಅನ್ನ ಮುದ್ದೆ. ಎಷ್ಟು ಸಲ ಹೇಳಿದರೂ ಈ ಅಭ್ಯಾಸ ಹೋಗುವುದಿಲ್ಲ. ಅಲ್ಲಿ ಅಚ್ಚಾಗಿರುವುದು ಪ್ಯಾಕ್ ಮಾಡಿದ ತಿಂಗಳು ಮಾತ್ರ. ಒಳಗಿನ ಭತ್ತ ಕೊಯ್ಲಾಗಿ ಮೂರು ತಿಂಗಳಾಗಿರಬಹುದು, ಎರಡು ವರ್ಷವೂ ಆಗಿರಬಹುದು.

ಅಕ್ಕಿ ಹಳೆಯದಾದಷ್ಟೂ ಕಾಳು ಗಟ್ಟಿಯಾಗುತ್ತದೆ. ಆಗ ಅದು ಹೆಚ್ಚು ನೀರು ಕುಡಿದೂ ಒಡೆಯುವುದಿಲ್ಲ, ಗಂಜಿಗೆ ಬಿಡುವ ಪಿಷ್ಟವೂ ಕಡಿಮೆ. ಅನ್ನ ಉದುರುದುರಾಗುವುದು ಇದರಿಂದಲೇ. ಬಾಸ್ಮತಿಗೆ ವರ್ಷವಾದರೂ ತುಂಬಿದ್ದರೆ ಒಳ್ಳೆಯದು. ಬಣ್ಣ ತುಸು ಕೆನೆಗೆ ತಿರುಗಿರುತ್ತದೆ. ಆದರೆ ಬಣ್ಣವೊಂದನ್ನೇ ನಂಬಬೇಡಿ: ಭತ್ತವನ್ನು ಕುದಿಸಿ ಒಣಗಿಸಿ ಮಾಡುವ ಸೆಲ್ಲಾ ಬಾಸ್ಮತಿ ಹೊಸದಾಗಿದ್ದರೂ ಹಳದಿಯೇ.

ನಂಬಬೇಕಾದದ್ದು ಸ್ಕೇಲನ್ನು. ಮುರಿಯದ ಹತ್ತು ಕಾಳುಗಳನ್ನು ತುದಿಗೆ ತುದಿ ತಾಗಿಸಿ ಜೋಡಿಸಿ. ಬಾಸ್ಮತಿಯಾದರೆ ಸುಮಾರು ಏಳು ಸೆಂಟಿಮೀಟರ್ ಬರುತ್ತದೆ. ಅದೇ ಅಕ್ಕಿಯ ಒಂದು ಹಿಡಿಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ನಡುವಿನ ಬಿಳಿ ಚುಕ್ಕೆ ಮಾಯವಾಗುವವರೆಗೆ ಕುದಿಸಿ, ಬಸಿದು, ಮತ್ತೆ ಹತ್ತು ಕಾಳು ಅಳೆಯಿರಿ. ಹದಿಮೂರರ ಹತ್ತಿರ ಬಂದು ಕಾಳು ಸಪೂರವಾಗಿಯೇ ಉಳಿದಿದ್ದರೆ ಹಳೆಯ, ಒಳ್ಳೆಯ ಬಾಸ್ಮತಿ. ಹತ್ತಕ್ಕೇ ನಿಂತು ದಪ್ಪವಾಗಿ, ತುದಿ ಸೀಳಿದ್ದರೆ ಒಂದೋ ಹೊಸ ಅಕ್ಕಿ, ಇಲ್ಲವೇ ಬೇರೆ ಯಾವುದೋ ಉದ್ದಕಾಳಿನದು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ಖಚಿತವಾಗಿ ಹೇಳಲಾಗದು. ಕುಕ್ಕರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಎಂಥ ಕಾಳೂ ಅದರಲ್ಲಿ ಸೀಳುತ್ತದೆ.

ಪರಿಮಳದ ವಿಷಯದಲ್ಲಿ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಬಾಸ್ಮತಿಯ ಘಮ ಆವಿಯಾಗಿ ಹೋಗುವಂಥದ್ದು. ಅಕ್ಕಿ ಹಳೆಯದಾದಂತೆ ಅದು ಕಡಿಮೆಯೇ ಆಗುತ್ತದೆ. ಹಾಗಾಗಿ ‘ಎರಡು ವರ್ಷ ಹಳೆಯದು’ ಎಂದು ಬರೆದ ಪ್ಯಾಕೆಟ್ ಕತ್ತರಿಸಿದೊಡನೆ ಘಾಟು ಹೊಡೆದರೆ ಅನುಮಾನಿಸಿ. ಒಂದು ಹಿಡಿ ತೊಳೆದು ನೋಡಿ: ಮೇಲೆ ಹಚ್ಚಿದ ಸುಗಂಧ ಬಹುಪಾಲು ತೊಳೆದ ನೀರಿನ ಜೊತೆ ಹೋಗುತ್ತದೆ, ಕಾಳಿನೊಳಗಿನದು ಬೇಯುವಾಗ ಮತ್ತೆ ಬರುತ್ತದೆ. ಭಾರತದಲ್ಲಿ 2023ರ ಆಗಸ್ಟ್ 1ರಿಂದ ಜಾರಿಯಲ್ಲಿರುವ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಮಾನದಂಡದ ಪ್ರಕಾರ ಬಾಸ್ಮತಿಗೆ ಕೃತಕ ಸುಗಂಧ, ಬಣ್ಣ, ಪಾಲಿಶ್ ಪದಾರ್ಥ ಸೇರಿಸುವಂತಿಲ್ಲ.

ಪಾಲಿಶ್ ಬಗ್ಗೆ ಹೇಳುವುದು ಕಡಿಮೆ. ಗಾಜಿನಂತೆ ಹೊಳೆದರೆ ತೌಡು ಪೂರ್ತಿ ಹೋಗಿದೆ ಎಂದರ್ಥ, ರುಚಿ ಹೆಚ್ಚಿದೆ ಎಂದಲ್ಲ. ಕಾಳಿನ ನಡುವೆ ಸುಣ್ಣದಂಥ ಬಿಳಿ ಮಚ್ಚೆ ತುಂಬಾ ಇದ್ದರೆ ಬಿಡಿ; ಅಂಥವು ಬೇಗ ನುಚ್ಚಾಗುತ್ತವೆ.

ಇನ್ನು ದಿನದ ಊಟ. ಸಾರು, ಮೊಸರು ಕಲಸಲು ಬಾಸ್ಮತಿ ತರುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಬಿಡಿಬಿಡಿ ಕಾಳು ಸಾರನ್ನು ಹಿಡಿದುಕೊಳ್ಳುವುದೇ ಇಲ್ಲ. ಅದಕ್ಕೆ ಸೋನಾ ಮಸೂರಿಯೇ ಸರಿ, ಆರು ತಿಂಗಳು ದಾಟಿದ್ದಾದರೆ ಇನ್ನೂ ಚೆನ್ನ. ಹಳೆಯದು ಸಿಗದಿದ್ದರೆ ‘ಸ್ಟೀಮ್’ ಎಂದು ಬರೆದ ಚೀಲ ತನ್ನಿ, ಆವಿ ಹಾಯಿಸಿದ್ದರಿಂದ ಹೊಸದೂ ಅಷ್ಟಾಗಿ ಅಂಟುವುದಿಲ್ಲ. ಹೊಸ ಅಕ್ಕಿಯೇ ಮನೆಯಲ್ಲಿದ್ದರೆ ನೀರು ಕಾಲು ಲೋಟ ಕಡಿಮೆ ಹಾಕಿ, ಪೊಂಗಲ್‌ಗೋ ಪಾಯಸಕ್ಕೋ ಅದನ್ನೇ ಮೊದಲು ಖರ್ಚು ಮಾಡಿ.