ಓಟೋಸ್ಕ್ಲೆರೋಸಿಸ್: ತಮಟೆ ಸರಿ, ನರ ಸರಿ, ಮಧ್ಯದ ಮೂಳೆ ಮಾತ್ರ ಅಲ್ಲಾಡುತ್ತಿಲ್ಲ

ಓಟೋ ಅಂದರೆ ಗ್ರೀಕ್ ಭಾಷೆಯಲ್ಲಿ ಕಿವಿಯದ್ದು, ಸ್ಕ್ಲೆರೋಸಿಸ್ ಅಂದರೆ ಗಟ್ಟಿಯಾಗುವುದು. ಎರಡೂ ಸೇರಿದರೆ ಕಿವಿ ಗಟ್ಟಿಯಾಗುವ ಕಾಯಿಲೆ. ಆದರೆ ಹೆಸರು ಪೂರ್ತಿ ನಿಜ ಹೇಳುವುದಿಲ್ಲ. ಶುರುವಿನಲ್ಲಿ ಮೂಳೆ ಗಟ್ಟಿಯಾಗುವುದೇ ಇಲ್ಲ, ಬದಲಿಗೆ ಸ್ಪಂಜಿನ ಹಾಗೆ ಮೆತ್ತಗಾಗಿ, ಅದರೊಳಗೆ ರಕ್ತನಾಳ ತುಂಬಿಕೊಳ್ಳುತ್ತವೆ. ಗಟ್ಟಿಯಾಗುವುದು ಆಮೇಲೆ. ಅದಕ್ಕೇ ಕೆಲವು ವೈದ್ಯರು ಇದನ್ನು ಓಟೋಸ್ಪಾಂಜಿಯೋಸಿಸ್ ಅಂತಲೂ ಕರೆಯುತ್ತಾರೆ.

ಎಲ್ಲಿ ಗಟ್ಟಿಯಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕಿವಿತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳು ಸರಪಳಿಯ ಹಾಗೆ ಜೋಡಿಸಿಕೊಂಡಿವೆ. ಕೊನೆಯದು ಸ್ಟೇಪಿಸ್. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರ, ಎತ್ತರ ಸುಮಾರು 3 ಮಿಲಿಮೀಟರ್, ಮೈಯಲ್ಲೆಲ್ಲ ಇದಕ್ಕಿಂತ ಚಿಕ್ಕ ಮೂಳೆ ಇಲ್ಲ. ಇದರ ಪಾದ ಒಳಕಿವಿಯ ಒಂದು ಅಂಡಾಕಾರದ ಕಿಟಕಿಯಲ್ಲಿ ಕೂತಿರುತ್ತದೆ. ಸದ್ದು ಬಂದಾಗ ಅದು ಒಳಗೆ ಹೊರಗೆ ಅಲ್ಲಾಡುತ್ತದೆ, ಒಳಗಿನ ದ್ರವ ಅಲುಗುತ್ತದೆ, ನಮಗೆ ಕೇಳಿಸುತ್ತದೆ. ಒಳಕಿವಿಯ ಸುತ್ತಲಿನ ಮೂಳೆಗೆ ಒಂದು ವಿಶೇಷ ಗುಣ ಇದೆ: ಒಮ್ಮೆ ಬೆಳೆದ ಮೇಲೆ ಬೇರೆ ಮೂಳೆಗಳ ಹಾಗೆ ಅದು ಕರಗಿ ಮತ್ತೆ ಕಟ್ಟಿಕೊಳ್ಳುವುದು ತೀರಾ ಕಡಿಮೆ. ಓಟೋಸ್ಕ್ಲೆರೋಸಿಸ್ ಇದ್ದವರಲ್ಲಿ ಈ ಸುಮ್ಮನಿರಬೇಕಾದ ಮೂಳೆ ಮತ್ತೆ ಚುರುಕಾಗುತ್ತದೆ. ಅದೂ ಬಹುಪಾಲು ಆ ಕಿಟಕಿಯ ಮುಂದಿನ ಅಂಚಿನಲ್ಲೇ. ಅಲ್ಲಿಂದ ಬೆಳೆದ ಮೂಳೆ ಸ್ಟೇಪಿಸ್‌ನ ಪಾದವನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಮೊದಲು ಬಿಗಿ, ಆಮೇಲೆ ಪೂರ್ತಿ ಜಾಮ್.

ಇದು ಒಂದೇ ದಿನಕ್ಕೆ ಆಗುವುದಿಲ್ಲ, ವರ್ಷಗಳೇ ಹಿಡಿಯುತ್ತದೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನ ನಡುವೆ ಗೊತ್ತಾಗುವುದು ಜಾಸ್ತಿ, ಹೆಂಗಸರಲ್ಲಿ ಜಾಸ್ತಿ. ಮನೆತನದಲ್ಲಿ ಬರುವುದೂ ಉಂಟು, ಹೆಚ್ಚಿನವರಲ್ಲಿ ಕೊನೆಗೆ ಎರಡೂ ಕಿವಿಗೆ ತಗಲುತ್ತದೆ. ಲಕ್ಷಣಗಳಲ್ಲಿ ಒಂದು ತಮಾಷೆಯ ಸಂಗತಿ ಇದೆ. ಇವರಿಗೆ ಗದ್ದಲದಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ! ಹಿನ್ನೆಲೆಯ ಗದ್ದಲ ಇವರಿಗೆ ಅಷ್ಟಾಗಿ ಕೇಳುವುದಿಲ್ಲ, ಆದರೆ ಆ ಗದ್ದಲ ಕೇಳಿಸಿಕೊಂಡ ಎದುರಿನವರು ದನಿ ಎತ್ತರಿಸುತ್ತಾರೆ, ಆ ಲಾಭ ಇವರಿಗೆ. ಇನ್ನೊಂದು, ಇವರು ಮೆಲ್ಲಗೆ ಮಾತಾಡುತ್ತಾರೆ. ನರದ ಕಿವುಡಿರುವವರು ಕೂಗಿ ಮಾತಾಡಿದರೆ, ಇವರಿಗೆ ತಮ್ಮ ದನಿ ತಲೆಮೂಳೆಯ ಮೂಲಕ ಜೋರಾಗಿಯೇ ಕೇಳುತ್ತಿರುತ್ತದೆ, ಹಾಗಾಗಿ ದನಿ ತಾನಾಗೇ ತಗ್ಗುತ್ತದೆ. ಊಟ ಮಾಡುವಾಗ ತಾವು ಅಗಿಯುವ ಸದ್ದೇ ದೊಡ್ಡದಾಗಿ ಕೇಳಿ ಎದುರಿನವರ ಮಾತು ತಪ್ಪಿಹೋಗುತ್ತದೆ ಅಂತ ಹೇಳುವವರೂ ಇದ್ದಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 34 ವರ್ಷದ ಹೆಂಗಸು, ಐದಾರು ವರ್ಷದಿಂದ ಬಲಗಿವಿ ಮಂದ, ಫೋನನ್ನು ಯಾವಾಗಲೋ ಎಡಗಿವಿಗೆ ದಾಟಿಸಿದ್ದು ಅವರಿಗೇ ಗೊತ್ತಾಗಿಲ್ಲ. ಕಿವಿಯೊಳಗೆ ನೋಡಿದರೆ ತಮಟೆ ಚೆನ್ನಾಗಿಯೇ ಇದೆ, ಸೋರಿಕೆ ಇಲ್ಲ, ಕುಗ್ಗೆ ಇಲ್ಲ. ಈಗ ಆಡಿಯೋಗ್ರಾಮ್, ಅಂದರೆ ಕೇಳುವಿಕೆ ಪರೀಕ್ಷೆಯ ನಕ್ಷೆ. ಹೆಚ್ಚು ಡೆಸಿಬೆಲ್ ಬೇಕಾದಷ್ಟೂ ಗೆರೆ ಕೆಳಗಿಳಿಯುತ್ತದೆ. ಇದರಲ್ಲಿ ಎರಡು ಗೆರೆ ಇರುತ್ತವೆ. ಇಯರ್‌ಫೋನಿನಲ್ಲಿ ಕೇಳಿಸಿದ್ದು ಒಂದು, ಅದು ಗಾಳಿಯ ದಾರಿ. ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ನೇರ ಒಳಕಿವಿಗೆ ಕೇಳಿಸಿದ್ದು ಇನ್ನೊಂದು, ಅದು ಮೂಳೆಯ ದಾರಿ. ಅವರ ಬಲಗಿವಿಯಲ್ಲಿ ಗಾಳಿಯ ದಾರಿಯಲ್ಲಿ 500 ಹರ್ಟ್ಜ್‌ಗೆ 55, 1000ಕ್ಕೆ 50, 2000ಕ್ಕೆ 45 ಡೆಸಿಬೆಲ್ ಬೇಕಾಯಿತು. ಸರಾಸರಿ 50. ಮೂಳೆಯ ದಾರಿಯಲ್ಲಿ 10, 15, 30 ಸಾಕಾಯಿತು, ಸರಾಸರಿ ಸುಮಾರು 18. ನಡುವಿನ ಅಂತರ 32 ಡೆಸಿಬೆಲ್. ಅಂದರೆ ಒಳಕಿವಿಗೂ ನರಕ್ಕೂ ದೊಡ್ಡ ಏಟಿಲ್ಲ, ಸದ್ದು ಅಲ್ಲಿಯವರೆಗೆ ತಲುಪುತ್ತಿಲ್ಲ. ಇದನ್ನೇ ಕಂಡಕ್ಟಿವ್ ಕಿವುಡು ಅನ್ನುವುದು. ಈ ಅಂತರ ನೆನಪಿರಲಿ, ಮುಂದಿನ ಮಾತೆಲ್ಲ ಇದರ ಸುತ್ತಲೇ.

ಆ 2000 ಹರ್ಟ್ಜ್‌ನಲ್ಲಿ ಮೂಳೆಯ ದಾರಿ ಮಾತ್ರ 30ಕ್ಕೆ ಇಳಿದದ್ದು ನೋಡಿದಿರಾ? ಅದಕ್ಕೆ ಕಾರ್ಹಾರ್ಟ್ ನಾಚ್ ಅಂತ ಹೆಸರು. ಹೆಚ್ಚಾಗಿ ನರ ಕೆಟ್ಟದ್ದಲ್ಲ, ಸ್ಟೇಪಿಸ್ ಅಲ್ಲಾಡದಿದ್ದರೆ ಮೂಳೆಯ ಮೂಲಕ ಬರುವ ಸದ್ದಿಗೂ ಅಷ್ಟು ಕಡಿತ ಬೀಳುತ್ತದೆ. ಮೂಳೆ ಬಿಡಿಸಿದರೆ ಈ ಗುಂಡಿ ಬಹುಪಾಲು ತಾನೇ ತುಂಬಿಕೊಳ್ಳುತ್ತದೆ.

ಇಷ್ಟರಲ್ಲೇ ಓಟೋಸ್ಕ್ಲೆರೋಸಿಸ್ ಅಂತ ಬರೆದುಬಿಡುವ ಹಾಗಿಲ್ಲ. ಜೋರು ಸದ್ದಿಗೆ ಸ್ಟೇಪಿಸ್‌ಗೆ ಅಂಟಿದ ಒಂದು ಸಣ್ಣ ಸ್ನಾಯು ಸೆಳೆಯುತ್ತದೆ, ಅದನ್ನು ಅಳೆಯಬಹುದು. ಸ್ಟೇಪಿಸ್ ಅಂಟಿಕೊಂಡಿದ್ದರೆ ಆ ಸೆಳೆತ ಕಾಣುವುದಿಲ್ಲ. ಅಂತರ ಇದ್ದೂ ಸೆಳೆತ ಚೆನ್ನಾಗಿ ಸಿಕ್ಕರೆ ನಾನಂತೂ ಅಲ್ಲೇ ನಿಲ್ಲುತ್ತೇನೆ. ಒಳಕಿವಿಯ ಮೇಲಿನ ಅರ್ಧವೃತ್ತ ಕೊಳವೆಯ ಮೂಳೆಯಲ್ಲಿ ತೂತಿದ್ದರೂ ಇಂಥದ್ದೇ ಆಡಿಯೋಗ್ರಾಮ್ ಬರುತ್ತದೆ. ಅಂಥವರಲ್ಲಿ ಕೆಲವರಿಗೆ ತಮ್ಮ ಕಣ್ಣುಗುಡ್ಡೆ ಹೊರಳುವ ಸದ್ದು ಕೂಡ ಕೇಳುತ್ತದೆ. ಅವರಿಗೆ ಸ್ಟೇಪಿಸ್ ಆಪರೇಷನ್ ಮಾಡಿದರೆ ಪ್ರಯೋಜನ ಇಲ್ಲ. ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಬೇಕೇ ಬೇಕು.

ಈಗ ದಾರಿ ಎರಡು. ಹಿಯರಿಂಗ್ ಏಡ್ ಆ 32 ಡೆಸಿಬೆಲ್ ಅಂತರವನ್ನು ಮುಚ್ಚುವುದಿಲ್ಲ, ಸದ್ದನ್ನು ಜೋರು ಮಾಡಿ ಅದರ ಮೇಲಿಂದ ದಾಟಿಸುತ್ತದೆ. ಬಾಗಿಲು ಬಿಗಿಯಾಗಿದೆ, ಜೋರಾಗಿ ತಳ್ಳುತ್ತದೆ ಅಷ್ಟೆ. ಮಿಷನ್ ಹಾಕಿಕೊಂಡು ಬೇಸತ್ತವರ ಕಥೆಗಳನ್ನು ಎಲ್ಲರೂ ಕೇಳಿರುತ್ತಾರೆ, ಆದರೆ ಅವು ಹೆಚ್ಚಾಗಿ ನರದ ಕಿವುಡಿನವರ ಕಥೆಗಳು. ಅವರಿಗೆ ಜೋರು ಮಾಡಿದರೂ ಮಾತು ಕಲಸಿಹೋಗಿರುತ್ತದೆ. ಇಲ್ಲಿ ಒಳಕಿವಿ ಸರಿ ಇರುವುದರಿಂದ ದನಿ ಏರಿಸಿದರೆ ಸಾಕು, ಮಾತು ಸ್ಪಷ್ಟ. ನನ್ನ ಅಭಿಪ್ರಾಯದಲ್ಲಿ ಹಿಯರಿಂಗ್ ಏಡ್‌ನಿಂದ ಅತಿ ಸುಲಭವಾಗಿ ಖುಷಿಯಾಗುವವರು ಇವರೇ. ತೊಂದರೆಗಳೂ ಇವೆ. ಕಿವಿ ಮುಚ್ಚುವ ಮೋಲ್ಡ್ ಹಾಕಿದರೆ ಮೊದಲೇ ದೊಡ್ಡದಾಗಿ ಕೇಳುತ್ತಿದ್ದ ತಮ್ಮ ದನಿ ಇನ್ನೂ ಗುಂಯ್ ಅನ್ನುತ್ತದೆ. ಸ್ನಾನ, ನಿದ್ದೆ ಹೊತ್ತಿಗೆ ತೆಗೆದಿಡಬೇಕು. ಮೂಳೆ ಬಿಗಿಯಾಗುತ್ತಾ ಹೋದ ಹಾಗೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ ದನಿ ಏರಿಸಿಕೊಳ್ಳಬೇಕು. ಆದರೆ ಇಷ್ಟವಾಗದಿದ್ದರೆ ತೆಗೆದು ಡಬ್ಬಿಗೆ ಹಾಕಬಹುದು, ಕಿವಿ ಮೊದಲಿದ್ದ ಹಾಗೇ ಇರುತ್ತದೆ. ಆಪರೇಷನ್‌ಗೆ ಆ ಸೌಲಭ್ಯ ಇಲ್ಲ.

ಆಪರೇಷನ್ ಅಂತರವನ್ನೇ ಮುಚ್ಚಲು ಹೋಗುತ್ತದೆ. ಅಮೆರಿಕದ ವೈದ್ಯ ಜಾನ್ ಶೇ 1956ರಲ್ಲಿ ಸ್ಟೇಪಿಸ್ ತೆಗೆದು ಟೆಫ್ಲಾನ್‌ನ ಬದಲಿ ಇಟ್ಟ ಮೇಲೆ ಈ ದಾರಿ ತೆರೆಯಿತು. ಆಗ ಪಾದವನ್ನು ಪೂರ್ತಿ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಅದರಲ್ಲಿ ತೂತು ಮಾತ್ರ ಮಾಡುತ್ತಾರೆ. ಇದಕ್ಕೆ ಸ್ಟೇಪಿಡಾಟಮಿ ಅನ್ನುತ್ತಾರೆ. ಸಾಮಾನ್ಯವಾಗಿ ಕಿವಿಯ ಕೊಳವೆಯ ಮೂಲಕವೇ ಕೆಲಸ. ತಮಟೆಯ ಅಂಚನ್ನು ಎತ್ತಿ ಮಡಚಿ ಒಳಗೆ ನೋಡುತ್ತಾರೆ. ಮೊದಲು ಮೂಳೆಗಳನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟಿ, ಸ್ಟೇಪಿಸ್ ನಿಜವಾಗಿಯೂ ಅಂಟಿದೆಯಾ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಕೊನೆಯ ಪರೀಕ್ಷೆ ಇದೇ. ಆಮೇಲೆ ಸ್ಟೇಪಿಸ್‌ನ ಮೇಲಿನ ಕಮಾನನ್ನು ಬಿಡಿಸಿ ತೆಗೆದು, ಕಚ್ಚಿಕೊಂಡ ಪಾದದಲ್ಲಿ ಲೇಸರ್‌ನಿಂದಲೋ ಸಣ್ಣ ಡ್ರಿಲ್‌ನಿಂದಲೋ ಒಂದು ಮಿಲಿಮೀಟರ್‌ಗೂ ಕಡಿಮೆ ಅಗಲದ ತೂತು ಮಾಡುತ್ತಾರೆ. ಅದಕ್ಕೆ 0.4 ಅಥವಾ 0.6 ಮಿಲಿಮೀಟರ್ ದಪ್ಪದ ಪಿಸ್ಟನ್ ಅನ್ನುವ ಪುಟ್ಟ ಕಡ್ಡಿ ಇಳಿಬಿಟ್ಟು, ಮೇಲ್ತುದಿಯ ಕೊಕ್ಕೆಯನ್ನು ನಡುವಿನ ಮೂಳೆಗೆ ಸಿಕ್ಕಿಸುತ್ತಾರೆ. ಉಬ್ಬಿದ ಬಾಗಿಲನ್ನು ಕೀಳುವ ಬದಲು ಅದರಲ್ಲೇ ಒಂದು ಪುಟ್ಟ ಕಿಂಡಿ ಕೊರೆದ ಹಾಗೆ. ಪಿಸ್ಟನ್ ಗಿಡ್ಡವಾದರೆ ತೂತಿನಿಂದ ಹೊರಬರುತ್ತದೆ, ಉದ್ದವಾದರೆ ಒಳಕಿವಿಗೆ ಚುಚ್ಚಿ ತಲೆ ಸುತ್ತುತ್ತದೆ. ಹಾಗಾಗಿ ಉದ್ದದ ಅಳತೆ ತಪ್ಪುವ ಹಾಗಿಲ್ಲ.

ಕೈ ಪಳಗಿದ ಸರ್ಜನ್ ಮಾಡಿದರೆ ನೂರರಲ್ಲಿ ಸುಮಾರು 90 ಜನರಿಗೆ ಅಂತರ 10 ಡೆಸಿಬೆಲ್ ಒಳಗೆ ಬರುತ್ತದೆ. ನೂರರಲ್ಲಿ ಒಬ್ಬರಿಗೆ ಮಾತ್ರ ಆ ಕಿವಿ ಪೂರ್ತಿ ಹೋಗಿಬಿಡಬಹುದು, ಹಿಯರಿಂಗ್ ಏಡ್ ಹಾಕಿದರೂ ಕೇಳದಷ್ಟು. ಒಂದೇ ಅಲ್ವಾ ಅಂತ ಅನ್ನಿಸಬಹುದು, ಆ ಒಬ್ಬರು ನಾವಾದರೆ ಲೆಕ್ಕ ಬೇರೆ. ಇದೇ ಕಾರಣಕ್ಕೆ ಕೆಟ್ಟ ಕಿವಿಗೇ ಮೊದಲು ಮಾಡುವುದು, ಕೇಳುವ ಕಿವಿ ಒಂದೇ ಉಳಿದಿದ್ದರೆ ಅದನ್ನು ಮುಟ್ಟದೆ ಹಿಯರಿಂಗ್ ಏಡ್ ಕೊಡುವುದು. ಸಣ್ಣ ತೊಂದರೆಗಳು ಇದಕ್ಕಿಂತ ಜಾಸ್ತಿ ಜನಕ್ಕೆ ಆಗುತ್ತವೆ. ರುಚಿಯ ನರ ತಮಟೆಯ ಹಿಂದೆಯೇ ಹಾದುಹೋಗುವುದರಿಂದ ಅದು ಎಳೆದಾಡಿ ಕೆಲವು ತಿಂಗಳು ನಾಲಿಗೆಯ ಆ ಪಕ್ಕ ಲೋಹ ನೆಕ್ಕಿದ ಹಾಗಿರಬಹುದು. ಮೊದಲ ಕೆಲವು ದಿನ ತಲೆಸುತ್ತು ಇರಬಹುದು. ಸ್ಟೇಪಿಸ್‌ನ ಸ್ನಾಯುವನ್ನು ಕತ್ತರಿಸಿರುವುದರಿಂದ ಪಾತ್ರೆ ಬಿದ್ದ ಸದ್ದಿಗೂ ಬೆಚ್ಚಿಬೀಳುವ ಹಾಗಾಗುತ್ತದೆ, ಹೆಚ್ಚಿನವರಿಗೆ ಅದು ಅಭ್ಯಾಸ ಆಗುತ್ತದೆ.

ನಮ್ಮ ಉದಾಹರಣೆಯ ಹೆಂಗಸು ಯಾವುದನ್ನು ಆರಿಸಬೇಕು? ಎರಡೂ ತಪ್ಪಲ್ಲ. ಅಂತರ 32 ಇದೆ, ಮೂಳೆಯ ದಾರಿ ಚೆನ್ನಾಗಿದೆ, ಎಡಗಿವಿ ಇದಕ್ಕಿಂತ ಮೇಲು, ಹಾಗಾಗಿ ಆಪರೇಷನ್‌ಗೆ ಒಳ್ಳೆಯ ಕೇಸ್. ಅಂತರ 15 ಇದ್ದಿದ್ದರೆ ಕಾಯಿರಿ ಅನ್ನುತ್ತಿದ್ದೆ. ಮೂಳೆಯ ದಾರಿಯೂ 45ಕ್ಕೆ ಇಳಿದಿದ್ದರೆ, ಅಂದರೆ ಕಾಯಿಲೆ ಒಳಕಿವಿಗೂ ಹಬ್ಬಿದ್ದರೆ, ಆಪರೇಷನ್ ಆದ ಮೇಲೂ ಹಿಯರಿಂಗ್ ಏಡ್ ಬೇಕಾಗುತ್ತದೆ. ಆ ಮಾತನ್ನು ಮೊದಲೇ ಹೇಳಿರಬೇಕು. ನಾನಾದರೆ ಮೊದಲು ಒಂದು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡಿ ಅನ್ನುತ್ತೇನೆ. ಚೆನ್ನಾಗಿ ಕೇಳುತ್ತಿದೆ, ಹಾಕಿಕೊಳ್ಳುವುದೂ ಹಿಂಸೆಯಿಲ್ಲ ಅನ್ನಿಸಿದರೆ ಆಪರೇಷನ್ ಯಾಕೆ? ಹಿಂಸೆ ಅನ್ನಿಸಿದರೆ, ಅವರು ಆ ನೂರರಲ್ಲೊಂದರ ಅಪಾಯ ಯಾಕೆ ತೆಗೆದುಕೊಳ್ಳುತ್ತಿದ್ದೇನೆ ಅಂತ ತಿಳಿದೇ ಮೇಜಿನ ಮೇಲೆ ಮಲಗುತ್ತಾರೆ.

ಆಪರೇಷನ್ ಮಾಡಿಸಿ ಎಲ್ಲ ಸರಿಹೋದರೆ, ಮೂರು ತಿಂಗಳಿಗೆ ಅವರ ಗಾಳಿಯ ದಾರಿ 20, 20, 25 ಹೀಗೆ ಇರಬಹುದು. ಮೂಳೆಯ ದಾರಿ 10, 10, 15. 2000ದ ಗುಂಡಿ ತುಂಬಿದೆ, ಅಂತರ 10. ಮೊದಲ ಕೆಲವು ವಾರ ಕಿವಿಗೆ ನೀರು ಬೀಳಬಾರದು, ಮೂಗು ಜೋರಾಗಿ ಸೀಟಬಾರದು, ಭಾರ ಎತ್ತಬಾರದು, ಸರ್ಜನ್ ಒಪ್ಪುವವರೆಗೆ ವಿಮಾನ ಬೇಡ. ಈ ಹೊತ್ತಿನಲ್ಲಿ ತಲೆಸುತ್ತು ಕಡಿಮೆಯಾಗುವ ಬದಲು ಜಾಸ್ತಿಯಾಗಿ, ಬಂದಿದ್ದ ಕೇಳುವಿಕೆ ಇಳಿಯುತ್ತಾ ಹೋದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು, ಅವತ್ತೇ ಹೋಗಬೇಕು. ಒಳಕಿವಿಗೆ ಏಟು ಬಿದ್ದಿದ್ದರೆ ಔಷಧ ಕೊಡಲು ಸಿಗುವ ಸಮಯ ಕಡಿಮೆ. ವರ್ಷಗಳ ನಂತರ ಒಂದು ದಿನ ಇದ್ದಕ್ಕಿದ್ದಂತೆ ಕಿವಿ ಮಂದವಾಗಿ, ಮೂಳೆಯ ದಾರಿ ಹಾಗೇ ಇದ್ದು ಅಂತರ ಮಾತ್ರ ಮತ್ತೆ ತೆರೆದುಕೊಂಡಿದ್ದರೆ, ಪಿಸ್ಟನ್ ಜಾರಿರಬಹುದು, ಇಲ್ಲವೇ ಕೊಕ್ಕೆ ಸಿಕ್ಕಿಸಿದ ಮೂಳೆ ಸವೆದಿರಬಹುದು. ಮತ್ತೆ ತೆರೆದು ಸರಿಮಾಡಬಹುದು, ಆದರೆ ಎರಡನೇ ಸಲದ ಫಲಿತಾಂಶ ಮೊದಲಿನಷ್ಟು ಚೆನ್ನಾಗಿರುವುದಿಲ್ಲ, ಅಪಾಯವೂ ಹೆಚ್ಚು. ಆಗ ಎಷ್ಟೋ ಜನ ಹಿಯರಿಂಗ್ ಏಡ್‌ನ ಕಡೆಗೇ ವಾಪಸ್ ಬರುತ್ತಾರೆ.