ಕಮಿಟ್‌ಮೆಂಟ್ ಫೋಬಿಯಾ: ಕಟ್ಟುಬೀಳುವ ಭಯ

ಈ ಪದವನ್ನು 'ಬದ್ಧತೆಯ ಭಯ' ಎಂದು ಕನ್ನಡಕ್ಕೆ ತಂದರೆ ಕಿವಿಗೆ ಸರಿಯಾಗಿ ಕೂರುವುದಿಲ್ಲ. ಬದ್ಧತೆ ಎಂದೊಡನೆ ನಮಗೆ ಸಾಹಿತಿಯ ಬದ್ಧತೆ, ಕಾರ್ಯಕರ್ತನ ಬದ್ಧತೆ ನೆನಪಾಗುತ್ತದೆ. ಇಲ್ಲಿರುವುದು ಅದಲ್ಲ. ಒಬ್ಬರಿಗೆ, ಒಂದು ಊರಿಗೆ, ಒಂದು ಮಾತಿಗೆ ಕಟ್ಟುಬೀಳಬೇಕಾದಾಗ ಹುಟ್ಟುವ ಅಳುಕು ಇದು. ಹಾಗಾಗಿ ಇದನ್ನು 'ಕಟ್ಟುಬೀಳುವ ಭಯ' ಎಂದರೆ ಅರ್ಥಕ್ಕೆ ಹತ್ತಿರ.

ಪದಕ್ಕೆ ಹೆಚ್ಚು ವಯಸ್ಸಾಗಿಲ್ಲ. 1987ರಲ್ಲಿ ಅಮೆರಿಕದಲ್ಲಿ ಬಂದ ಒಂದು ಜನಪ್ರಿಯ ಪುಸ್ತಕದಿಂದ ಇದು ಬಳಕೆಗೆ ಹರಡಿತು. ಆ ಪುಸ್ತಕ ಗಂಡಸರನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸಿತ್ತು. ಹೆಸರಿನಲ್ಲಿ 'ಫೋಬಿಯಾ' ಇದ್ದರೂ ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿಯಲ್ಲಿ ಈ ಹೆಸರಿನ ಕಾಯಿಲೆ ಇಲ್ಲ. ಇದೊಂದು ಆಡುಮಾತಿನ ಚೀಲ. ಬೇರೆ ಬೇರೆ ಕಾರಣಗಳಿಗೆ ಹಿಂಜರಿಯುವವರನ್ನೆಲ್ಲ ಇದರೊಳಗೆ ತುಂಬುತ್ತೇವೆ, ಆಮೇಲೆ ಎಲ್ಲರಿಗೂ ಒಂದೇ ಬುದ್ಧಿಮಾತು ಹೇಳುತ್ತೇವೆ.

ಚೀಲ ಬಿಚ್ಚಿದರೆ ಮುಖ್ಯವಾಗಿ ಎರಡು ಭಯಗಳು ಕಾಣುತ್ತವೆ. ಒಂದು, ಹತ್ತಿರವಾಗುವ ಭಯ. ಇನ್ನೊಂದು, ಉಳಿದ ಬಾಗಿಲುಗಳು ಮುಚ್ಚಿಹೋಗುವ ಭಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಹುಡುಗ ಅಥವಾ ಹುಡುಗಿ ಹೂಂ ಎನ್ನುತ್ತಿಲ್ಲ. ಒಳಗಿನ ಯಂತ್ರ ಮಾತ್ರ ಬೇರೆ.

ಹತ್ತಿರವಾಗುವ ಭಯ ಚಿಕ್ಕಂದಿನಿಂದ ಬಂದಿರಬಹುದು. ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ಮಕ್ಕಳು ಮತ್ತು ಸಾಕುವವರ ನಡುವಿನ ಅಂಟನ್ನು ಕುರಿತು ಮಾಡಿದ ಕೆಲಸವನ್ನು ಹಜಾನ್ ಮತ್ತು ಶೇವರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ದೊಡ್ಡವರ ಪ್ರೀತಿಗೆ ಅನ್ವಯಿಸಿದರು. ಕೆಲವರು ಯಾರ ಮೇಲೂ ಒರಗದೆ ಇರುವುದನ್ನೇ ರಕ್ಷಣೆ ಎಂದು ಕಲಿತಿರುತ್ತಾರೆ. ಇವರನ್ನು ಗುರುತಿಸಲು ಒಂದು ಸುಳಿವಿದೆ: ಭೇಟಿ ಕೆಟ್ಟದಾಗಿ ನಡೆದ ಮರುದಿನ ಇವರು ಹಿಂದೆ ಸರಿಯುವುದಿಲ್ಲ, ಚೆನ್ನಾಗಿ ನಡೆದ ಮರುದಿನ ಸರಿಯುತ್ತಾರೆ. ನಿನ್ನೆ ಮನಸ್ಸು ಬಿಚ್ಚಿ ಮಾತಾಡಿದವರು ಇವತ್ತು ಮೆಸೇಜಿಗೆ ಉತ್ತರಿಸುವುದಿಲ್ಲ. ಎದುರಿನವರು ನಗುವ ರೀತಿ, ಊಟ ಮಾಡುವ ರೀತಿ ಇದ್ದಕ್ಕಿದ್ದಂತೆ ತಪ್ಪಾಗಿ ಕಾಣತೊಡಗುತ್ತದೆ. ಆಯ್ಕೆ ಒಂದೇ ಇದ್ದರೂ ಈ ಭಯ ಇರುತ್ತದೆ, ನೂರಿದ್ದರೂ ಇರುತ್ತದೆ. ಇದರ ದಾರಿ ಆಪ್ತಸಮಾಲೋಚಕರ ಕಡೆಗೆ ಹೋಗುತ್ತದೆ.

ಎರಡನೆಯ ಭಯಕ್ಕೆ ಕನ್ನಡದಲ್ಲಿ ಮೊದಲೇ ಒಂದು ಮಾತಿದೆ: ಮೀನಮೇಷ ಎಣಿಸುವುದು. ರಾಶಿಚಕ್ರದಲ್ಲಿ ಮೀನ ಕೊನೆಯದು, ಮೇಷ ಮೊದಲನೆಯದು. ಕೊನೆ ಮುಟ್ಟಿದ ಎಣಿಕೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಪ್ರೊಫೈಲ್ ಸರಿಸುತ್ತ ಕೂತವರ ಸ್ಥಿತಿಗೆ ಇದಕ್ಕಿಂತ ಒಪ್ಪುವ ಚಿತ್ರ ಸಿಗಲಾರದು.

ಹಿಂದೆ ಸಂಬಂಧ ಹುಡುಕುವಾಗ ಆಯ್ಕೆಗಳು ಒಂದೊಂದಾಗಿ ಬರುತ್ತಿದ್ದವು. ನೆಂಟರೋ ಬ್ರೋಕರೋ ಒಂದು ಜಾತಕ ತರುತ್ತಿದ್ದರು. ಅದಕ್ಕೆ ಹೂಂ ಅಥವಾ ಊಹೂಂ ಎಂದ ಮೇಲೆ ಮುಂದಿನದು. ಆ ಪದ್ಧತಿಯಲ್ಲಿ ಒತ್ತಾಯವೂ ಇತ್ತು, ಅನ್ಯಾಯವೂ ಇತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಒಂದು ಸಂಬಂಧ ನೋಡುವಾಗ ಕಣ್ಣ ಮುಂದೆ ಇನ್ನೂರು ಇರುತ್ತಿರಲಿಲ್ಲ.

ಕಣ್ಣ ಮುಂದೆ ಇನ್ನೂರು ಇದ್ದರೆ ಏನಾಗುತ್ತದೆ ಎಂದು ತಿಳಿಯಲು ಮನಶ್ಶಾಸ್ತ್ರಜ್ಞೆ ಕ್ಯಾರಿಲ್ ರಸ್‌ಬಲ್ಟ್ 1980ರಲ್ಲಿ ಮುಂದಿಟ್ಟ ಲೆಕ್ಕ ಸಹಾಯಕ್ಕೆ ಬರುತ್ತದೆ. ಅವರ ಪ್ರಕಾರ ಒಬ್ಬರೊಂದಿಗೆ ನಿಲ್ಲುವ ಮನಸ್ಸು ಮೂರು ಸಂಗತಿಗಳಿಂದ ಹುಟ್ಟುತ್ತದೆ. ಸಂಬಂಧದಲ್ಲಿ ಸಿಗುವ ತೃಪ್ತಿ ಮತ್ತು ಅದರಲ್ಲಿ ಹೂಡಿದ ಸಮಯ, ಗುಟ್ಟು, ಒಡನಾಟ ಇವು ಅದನ್ನು ಏರಿಸುತ್ತವೆ. 'ಬೇರೆ ಕಡೆ ಎಷ್ಟು ಚೆನ್ನಾಗಿರಬಹುದು' ಎಂಬ ಅಂದಾಜು ಅದನ್ನು ಇಳಿಸುತ್ತದೆ. ಸುಮ್ಮನೆ ತಿಳಿಯಲೆಂದು ಅಂಕ ಹಾಕಿ ನೋಡೋಣ. ತೃಪ್ತಿ 7, ಹೂಡಿಕೆ 2, ಬೇರೆ ಕಡೆಯ ಅಂದಾಜು 4 ಆದರೆ ಉಳಿಯುವುದು 5. ವ್ಯಕ್ತಿ ಅವರೇ, ತೃಪ್ತಿ ಅಷ್ಟೇ. ಆದರೆ ರಾತ್ರಿ ಅರ್ಧ ಗಂಟೆ ಆ್ಯಪ್ ನೋಡಿದ್ದರಿಂದ ಅಂದಾಜು 8ಕ್ಕೆ ಏರಿದರೆ ಉಳಿಯುವುದು 1. ಬೆಳಿಗ್ಗೆ ಎದ್ದಾಗ 'ಯಾಕೋ ಮನಸ್ಸು ಒಪ್ಪುತ್ತಿಲ್ಲ' ಎನಿಸುತ್ತದೆ. ಎದುರಿನವರಲ್ಲಿ ಏನೂ ಬದಲಾಗಿಲ್ಲ, ಕಳೆಯುವ ಅಂಕ ಬದಲಾಗಿದೆ.

ಈ ಕಳೆಯುವ ಅಂಕದ್ದೇ ತಕರಾರು. ಪರಿಚಯವಾದವರ ಬಗ್ಗೆ ನಮಗೆ ನಿಜ ಗೊತ್ತು: ತಡವಾಗಿ ಬರುತ್ತಾರೆ, ಫೋನಿನಲ್ಲಿ ಜೋರಾಗಿ ಮಾತಾಡುತ್ತಾರೆ. ನೋಡದವರ ಬಗ್ಗೆ ಗೊತ್ತಿರುವುದು ಸಂಬಳ, ಎತ್ತರ, ಕೊಡಗಿನಲ್ಲಿ ತೆಗೆದ ಒಂದು ಫೋಟೋ. ಉಳಿದದ್ದನ್ನು ನಮ್ಮ ಆಸೆ ತುಂಬಿಕೊಳ್ಳುತ್ತದೆ. ಒಬ್ಬ ನಿಜವಾದ ಮನುಷ್ಯನನ್ನು ಅರ್ಧ ಊಹೆಯ ಮನುಷ್ಯನ ಪಕ್ಕ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ ಎಂದು ಹೇಳಬೇಕಾಗಿಲ್ಲ.

ನೋಡುತ್ತ ಹೋದಷ್ಟೂ ಕಣ್ಣು ಕಠಿಣವಾಗುತ್ತದೆ ಎಂಬುದಕ್ಕೂ ಆಧಾರವಿದೆ. ನೆದರ್‌ಲ್ಯಾಂಡ್ಸ್‌ನ ಟಿಲಾ ಪ್ರಾಂಕ್ ಮತ್ತು ಯಾಪ್ ಡೆನಿಸ್ಸನ್ ಅವರ 2020ರ ಅಧ್ಯಯನದಲ್ಲಿ, ಒಂದರ ಹಿಂದೊಂದು ಫೋಟೋ ನೋಡಿ ಹೌದು ಅಥವಾ ಬೇಡ ಎನ್ನುತ್ತ ಹೋದವರು ಮೊದಲ ಪ್ರೊಫೈಲಿಗೆ ಹೋಲಿಸಿದರೆ ಕೊನೆಯದನ್ನು ಒಪ್ಪುವ ಸಾಧ್ಯತೆ ಸರಾಸರಿ 27% ಕುಸಿದಿತ್ತು. ಇದಕ್ಕೆ ಅವರು 'ತಿರಸ್ಕಾರದ ಮನಸ್ಥಿತಿ' ಎಂಬ ಅರ್ಥದ ಹೆಸರಿಟ್ಟರು. ಬೇಡ ಎನ್ನುವುದು ಕೈಗೆ ಅಭ್ಯಾಸವಾಗಿಬಿಡುತ್ತದೆ.

ಸಂಖ್ಯೆಯಷ್ಟೇ ತೊಡಕು ಮಾಡುವುದು 'ಬೇಕಾದರೆ ಬದಲಾಯಿಸಬಹುದು' ಎಂಬ ಸೌಲಭ್ಯ. ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಾವೇ ತೆಗೆದ ಎರಡು ಫೋಟೋಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಕೊಡಬೇಕಿತ್ತು. ಕೆಲವರಿಗೆ 'ಇದೇ ಕೊನೆ' ಎಂದರು. ಕೆಲವರಿಗೆ 'ಕೆಲವು ದಿನದೊಳಗೆ ಬದಲಾಯಿಸಿಕೊಳ್ಳಬಹುದು' ಎಂದರು. ತಮ್ಮ ಫೋಟೋವನ್ನು ಹೆಚ್ಚು ಮೆಚ್ಚಿಕೊಂಡವರು ಬದಲಾಯಿಸಲಾಗದವರು. ಮನಸ್ಸು ಬಾಗಿಲು ಮುಚ್ಚಿದ ಮೇಲೆ ಒಳಗಿರುವುದಕ್ಕೆ ಹೊಂದಿಕೊಳ್ಳುವ ಕೆಲಸ ಶುರುಮಾಡುತ್ತದೆ. ತೆರೆದೇ ಇದ್ದರೆ ಹೋಲಿಸುವ ಕೆಲಸವನ್ನೇ ಮುಂದುವರಿಸುತ್ತದೆ. ತಮಾಷೆಯೆಂದರೆ, ಮೊದಲೇ ಕೇಳಿದರೆ ಜನ ಬಯಸುವುದು ಬದಲಾಯಿಸುವ ಸೌಲಭ್ಯವನ್ನೇ. 2017ರಲ್ಲಿ ಡಿ'ಆಂಜೆಲೊ ಮತ್ತು ಟೋಮಾ ಆಯ್ಕೆಗಳ ಸಂಖ್ಯೆ, ಬದಲಾಯಿಸುವ ಸೌಲಭ್ಯ ಈ ಎರಡನ್ನೂ ಡೇಟಿಂಗ್ ಪ್ರೊಫೈಲುಗಳ ಮೇಲೆ ಒಟ್ಟಿಗೆ ಪರೀಕ್ಷಿಸಿದರು. ಒಂದು ವಾರದ ನಂತರ ತಮ್ಮ ಆಯ್ಕೆಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಇದ್ದದ್ದು 24 ಪ್ರೊಫೈಲುಗಳಿಂದ ಆರಿಸಿ, ಬದಲಾಯಿಸುವ ಅವಕಾಶವನ್ನೂ ಇಟ್ಟುಕೊಂಡವರಿಗೆ.

ಇದರಿಂದ ಆಯ್ಕೆ ಹೆಚ್ಚಿದ್ದರೆ ಯಾವಾಗಲೂ ಕೆಡುಕು ಎಂದು ತೀರ್ಮಾನಿಸಬಾರದು. ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ 3% ಜನ, 6 ಬಗೆ ಇಟ್ಟಾಗ 30% ಜನ ಕೊಂಡರು ಎಂಬ 2000ದ ಪ್ರಯೋಗ ಎಲ್ಲ ಕಡೆ ಓಡಾಡುತ್ತದೆ. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಇತ್ತು. 2015ರ ಇನ್ನೊಂದು ವಿಶ್ಲೇಷಣೆ ಎಲ್ಲಿ ತೊಂದರೆ ಆಗುತ್ತದೆ ಎಂದು ಬಿಡಿಸಿತು. ತನಗೇನು ಬೇಕೆಂದು ಸ್ಪಷ್ಟವಿಲ್ಲದಾಗ ಮತ್ತು ಆಯ್ಕೆಗಳನ್ನು ಒಂದಕ್ಕೊಂದು ತೂಗುವುದು ಕಷ್ಟವಾದಾಗ ಹೊರೆ ಹೆಚ್ಚುತ್ತದೆ. ಮೈಸೂರು ಪಾಕೇ ಬೇಕೆಂದು ಅಂಗಡಿಗೆ ಹೋದವರಿಗೆ ನಲವತ್ತು ಸಿಹಿ ಇದ್ದರೂ ಗೊಂದಲವಿಲ್ಲ. ಸಂಗಾತಿಯ ವಿಷಯದಲ್ಲಿ ಆ ಎರಡು ಷರತ್ತೂ ಸುಲಭವಾಗಿ ಕೂಡಿಬರುತ್ತವೆ.

ಒಂದು ಪ್ರಸಂಗ ಕಲ್ಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ 31ರ ಹೆಣ್ಣುಮಗಳು, ಮನೆ ದಾವಣಗೆರೆ. ಹುಬ್ಬಳ್ಳಿಯ ಒಬ್ಬನನ್ನು ಮೂರು ಸಲ ಭೇಟಿಯಾಗಿದ್ದಾಳೆ, ಮಾತು ಹೊಂದಿದೆ. ಆ್ಯಪ್‌ನಲ್ಲಿ ಇನ್ನೂ 18 ಜನ ಶಾರ್ಟ್‌ಲಿಸ್ಟ್ ಆಗಿದ್ದಾರೆ. ಫೋನಿನಲ್ಲಿ ತಾಯಿ, "ಏನ್ ಹೇಳ್ಲವ್ವಾ ಅವರಿಗೆ?" ಎಂದರೆ, "ಇನ್ನೊಂದ್ ವಾರ ಇರಮ್ಮ" ಎಂಬ ಉತ್ತರ ಆರು ವಾರದಿಂದ ಬರುತ್ತಿದೆ.

ಇಲ್ಲಿ ಮೊದಲ ಕೆಲಸ ಹೂಂ ಎನ್ನುವುದಲ್ಲ, ಯಾವ ಭಯವೆಂದು ಬೇರ್ಪಡಿಸುವುದು. ಪ್ರೊಫೈಲನ್ನು ನಾಲ್ಕು ವಾರ ಮರೆಮಾಡಿ, ಶಾರ್ಟ್‌ಲಿಸ್ಟ್ ನೋಡದೆ, ಇವನೊಬ್ಬನನ್ನೇ ಭೇಟಿಯಾಗುವುದು ಒಂದು ಒಳ್ಳೆಯ ಪರೀಕ್ಷೆ. ಮಿಕ್ಕವರಿಗೆ ಈಗ ಮುಂದುವರಿಯುತ್ತಿಲ್ಲ ಎಂದು ತಿಳಿಸಬೇಕು. 'ಆಮೇಲೆ ನೋಡೋಣ' ಎಂದಿಟ್ಟರೆ ಬಾಗಿಲು ಮುಚ್ಚಿದಂತೆ ಆಗುವುದಿಲ್ಲ, ಅವರನ್ನು ಕಾಯಿಸಿದ ಪಾಪವೂ ಬರುತ್ತದೆ. ಆ್ಯಪ್ ಕಣ್ಮರೆಯಾದ ಮೇಲೆ ಮನಸ್ಸು ಹಗುರಾದರೆ ತೊಂದರೆ ಇದ್ದದ್ದು ಹೋಲಿಕೆಯಲ್ಲಿ. ಭೇಟಿ ಚೆನ್ನಾಗಿ ನಡೆದಷ್ಟೂ ಉಸಿರು ಕಟ್ಟಿದಂತಾದರೆ ಮೊದಲನೆಯ ಭಯದ ಕಡೆ ನೋಡಬೇಕು.

ಜತೆಗೆ ಅವಳು ತನಗೆ ಬೇಕೇಬೇಕಾದ ಮೂರೋ ನಾಲ್ಕೋ ಸಂಗತಿಗಳನ್ನು ಕಾಗದದ ಮೇಲೆ ಬರೆದು, ಅವುಗಳಿಗೆ ಮಾತ್ರ ಅವನನ್ನು ಅಳೆಯಬೇಕು, ಆ 18 ಜನಕ್ಕಲ್ಲ. ಈ ಪಟ್ಟಿ ಕೆಡುವುದು ಒಂದೇ ರೀತಿಯಲ್ಲಿ: ಅವನು ನಾಲ್ಕಕ್ಕೂ ಹೊಂದುತ್ತಾನೆ ಎಂದು ಗೊತ್ತಾದ ಮೇಲೆ ಐದನೆಯದು ಹುಟ್ಟಿಕೊಳ್ಳುತ್ತದೆ. ಹಾಗಾಗಿ ಪಟ್ಟಿಗೆ ತಾರೀಖು ಹಾಕಿಡುವುದು ಒಳ್ಳೆಯದು. ಉತ್ತರ ಹೇಳುವ ದಿನವನ್ನೂ ತಾಯಿಗೆ ಮೊದಲೇ ತಿಳಿಸಿದರೆ ವಾರ ವಾರ ಮುಂದೂಡುವುದಕ್ಕೆ ತಡೆ ಬೀಳುತ್ತದೆ.

ಹೀಗೆ ಮಾಡಿದಾಗ ಕೆಲವೊಮ್ಮೆ ಎರಡೂ ಭಯಗಳಲ್ಲದ ಮೂರನೆಯದು ಹೊರಬರುತ್ತದೆ. ಮೂರನೇ ವಾರ ಅವಳ ಕಾಗದದಲ್ಲಿ ಮೂರಕ್ಕೆ ಗುರುತು ಬಿದ್ದಿದೆ, ನಾಲ್ಕನೆಯದರ ಮುಂದೆ ಖಾಲಿ. ಅಲ್ಲಿ ಬರೆದಿರುವುದು 'ಕೆಲಸ ಬಿಡುವುದಿಲ್ಲ'. ಇದುವರೆಗಿನ ಭೇಟಿಗಳಲ್ಲಿ ಸಿನಿಮಾ, ಪ್ರವಾಸ, ಆಫೀಸು ಎಲ್ಲ ಮಾತಾಗಿದೆ, ಇದೊಂದು ಆಗಿಲ್ಲ. ಇದನ್ನು ಕಮಿಟ್‌ಮೆಂಟ್ ಫೋಬಿಯಾ ಎಂದು ಕರೆದರೆ ತಪ್ಪು. ಕೇಳದೆ ಉಳಿದ ಪ್ರಶ್ನೆ ಹಿಂಜರಿಕೆಯ ವೇಷದಲ್ಲಿ ಕೂತಿತ್ತು. ಮುಂದಿನ ಭೇಟಿಯಲ್ಲಿ ಕಾಫಿ ಬರುವ ಮೊದಲೇ ಅವಳು ಕೇಳುತ್ತಾಳೆ: "ಮದುವೆ ಆದ್ಮೇಲೂ ನಾನು ಬೆಂಗಳೂರಲ್ಲೇ ಕೆಲಸ ಮಾಡ್ತೀನಿ ಅಂದ್ರೆ ನಿಮ್ಮ ಮನೇಲಿ ಏನಂತಾರೆ?"